ಕಾಲರಿನೊಳಗಿನ ಹೆಸರು

ನಮ್ಮ ಸಾತಾರದ ಶಾಲೆಯಲ್ಲಿ ಒಂದನೇ ತರಗತಿ ನೋಡಿಕೊಳ್ಳುವ ಸುರೇಖಾ ನಿಂಬಾಳ್ಕರ್‌ಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಮಕ್ಕಳು ಆಚೆ ಹೋದದ್ದೇ ತಡ, ಬೆಂಚಿನಡಿ ಬಗ್ಗಿ ಅವರು ಬಿಟ್ಟುಹೋದದ್ದನ್ನೆಲ್ಲ ಹೆಕ್ಕುತ್ತಾಳೆ. ಹೆಸರಿಲ್ಲದ ನೀರಿನ ಬಾಟಲಿ ಕಂಡರಂತೂ ಮೈಯೆಲ್ಲ ಉರಿ. ಆಮೇಲೆ ಸ್ಟಾಫ್ ರೂಮಿನಲ್ಲಿ ಪಕ್ಕದ ಮೇಜಿನವಳಾದ ನನ್ನ ತಲೆ ತಿನ್ನುತ್ತಾಳೆ.

ಈ ಸಲ ಚಳಿ ಶುರುವಾಗುವಾಗಲೇ ಪ್ರತಿ ಮಗುವಿನ ಡೈರಿಯಲ್ಲಿ ಪೋಷಕರಿಗೊಂದು ಸೂಚನೆ ಅಂಟಿಸಿದಳು. ಬಾಟಲಿಯ ಮೇಲೆ ಅಳಿಸದ ಮಸಿಯಲ್ಲಿ ಹೆಸರು, ತರಗತಿ ಬರೆಯಿರಿ. ಊಟದ ಡಬ್ಬಿಗೆ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿ, ಮುಚ್ಚಳಕ್ಕೂ ಮರೆಯಬೇಡಿ. ಸಮವಸ್ತ್ರಕ್ಕೆ ಕಾಲರಿನೊಳಗೆ ಹೆಸರು ಬರೆದ ಬಟ್ಟೆಪಟ್ಟಿ ಹೊಲಿಯಿರಿ. ಸಿಕ್ಕಿದ್ದನ್ನು ಪೋಷಕರ ಸಭೆಯಲ್ಲಿ ಇಡುತ್ತೇವೆ. ಯಾರೂ ಕೇಳದಿದ್ದರೆ ಅನಾಥಾಶ್ರಮಕ್ಕೆ ಕೊಡುತ್ತೇವೆ.

ಸಭೆಯ ದಿನ ಮೇಜಿನ ಮೇಲೆ ಹರಡಿದ್ದರಲ್ಲಿ ಹೆಸರಿದ್ದದ್ದು ಒಂದು ನೀಲಿ ಸ್ವೆಟರಿಗೆ ಮಾತ್ರ. ಸುರೇಖಾ ಅದನ್ನು ಬಾವುಟದಂತೆ ಎತ್ತಿ ಹಿಡಿದಳು.

"ಅನ್ವಿ ದೇಶಮಾನೆ. ಬನ್ನಿ, ತಗೊಳ್ಳಿ."

ಅನ್ವಿಯ ತಾಯಿ ಮುಂದೆ ಬಂದು ನೋಡಿ ಹಿಂಜರಿದರು. "ನಮ್ದಲ್ಲ ಟೀಚರ್. ಅನ್ವಿದು ಅವಳ ಮೈಮೇಲೇ ಇದೆ."

"ಹೆಸರು ನಿಮ್ದೇ ಅಲ್ವಾ ತಾಯಿ? ಮನೇಲಿ ಎಷ್ಟು ಸ್ವೆಟರಿದೆ ಅನ್ನೋದೂ ಮರ್ತುಹೋಯ್ತಾ?"

ಎಲ್ಲರೂ ನಕ್ಕರು. ಆಕೆ ನಗಲಿಲ್ಲ; ಕಣ್ಣು ಹಿಂದಿನ ಸಾಲಿನತ್ತ ಹೋಯಿತು. ಅಲ್ಲಿ ಅವರ ಮನೆಗೆಲಸದ ಮಂಗಲ್ ತಲೆ ತಗ್ಗಿಸಿ ಕೂತಿದ್ದಳು. ಉಚಿತ ಸೀಟಿನಲ್ಲಿ ಓದುವ ಅವಳ ಮಗಳು ಗೌರಿ, ಸುರೇಖಾಳ ತರಗತಿಯವಳೇ, ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಸ್ವೆಟರನ್ನೇ ನೋಡುತ್ತಿದ್ದಳು. ಅನ್ವಿಗೆ ಚಿಕ್ಕದಾದದ್ದು ಇವಳಿಗೆ ಬಂದಿತ್ತು, ಹಳೆಯ ಹೆಸರು ಅಲ್ಲೇ ಉಳಿದಿತ್ತು. ಸುರೇಖಾಳ ಕೈ ತಾನಾಗಿ ಇಳಿಯಿತು.

ಸಭೆ ಮುಗಿದರೂ ಅವಳು ಚಹಾ ಮುಟ್ಟಲಿಲ್ಲ. ಕಿಟಕಿಗೂ ಬಾಗಿಲಿಗೂ ತಿರುಗಾಡಿದಳು.

"ಮಂಗಲ್ ಇನ್ನು ಕೇಳೋಕೆ ಬರಲ್ಲ ಕಣೇ. ಸ್ವೆಟರು ಅನಾಥಾಶ್ರಮಕ್ಕೆ ಹೋದ್ರೂ ಬಾಯಿ ಬಿಡಲ್ಲ. ಮಗು ನಡುಗ್ತಾ ಕೂರುತ್ತೆ."

"ಹೊಸದೊಂದು ಕೊಡ್ಸಿಬಿಡು," ಅಂದೆ.

"ಎಲ್ಲರೆದುರು ಮಾನ ಕಳೆದದ್ದು ಸಾಲ್ದು ಅಂತ ದಾನ ಬೇರೆನಾ? ಬ್ಲೇಡ್ ಇದ್ಯಾ ನಿನ್ಹತ್ರ?"

ಹೊಲಿಗೆ ಬಿಗಿಯಾಗಿತ್ತು. ಬೆರಳು ಕೊಯ್ದುಕೊಂಡರೂ ಪಟ್ಟಿ ಬಿಚ್ಚುವವರೆಗೆ ಬಿಡಲಿಲ್ಲ. ಸ್ವೆಟರನ್ನು ಮತ್ತೆ ಸಿಕ್ಕ ಸಾಮಾನಿನ ಪೆಟ್ಟಿಗೆಯ ತಳಕ್ಕೆ ತುರುಕಿದಳು.

ಸೋಮವಾರ ನಾನು ಸೀಮೆಸುಣ್ಣ ಕೇಳಲು ಅವಳ ತರಗತಿಗೆ ಹೋಗಿದ್ದೆ. "ಗೌರಿ, ಪೆಟ್ಟಿಗೇಲಿ ನಿಂದೇನಾದ್ರೂ ಇದ್ಯಾ ನೋಡ್ಕೊಳ್ಳೇ," ಎಂದು ಬೋರ್ಡಿನತ್ತ ತಿರುಗಿಯೇ ಹೇಳಿದಳು. ಗೌರಿ ಸ್ವೆಟರು ಎಳೆದು ಕಾಲರು ಮಗುಚಿದಳು, ಬೆರಳಾಡಿಸಿದಳು.

"ಟೀಚರ್, ಇದ್ರಲ್ಲಿ ಹೆಸರಿಲ್ಲ."

ಇನ್ನೇನು ಬೈಗುಳ ಬೀಳುತ್ತದೆ ಎಂದು ಮಕ್ಕಳೆಲ್ಲ ಟೀಚರ್ ಕಡೆ ತಿರುಗಿದರು.

"ಇಲ್ದಿದ್ರೆ ಏನೀಗ?" ಅಂದಳು ಸುರೇಖಾ. "ಚಳಿ ಇದೆ, ಹಾಕ್ಕೋ."