ಬಜೆಟ್ ಶೀಟಿನ ಜಿ ಕಾಲಂ

ಸಕಲೇಶಪುರದಲ್ಲಿ ಲೆಕ್ಕಪತ್ರ ನೋಡಿಕೊಂಡು ಬದುಕುವ ನನಗೆ ಕಾಫಿ ಎಸ್ಟೇಟುಗಳಿಂದ ಕರೆ ಬರುವುದು ಹೊಸದಲ್ಲ. ಆದರೆ ಹೊಂಗಡಹಳ್ಳದ ಕಡೆಯ ಆ ಯಜಮಾನರು ಫೋನಿನಲ್ಲಿ ಹೇಳಿದ ಮಾತು ಹೊಸದು. "ಮುಂದಿನ ವರ್ಷದ ಬಜೆಟ್ ಐತೆ, ನೋಡ್ಕೊಡಿ ಮೇಡಂ. ಮ್ಯಾನೇಜರ್ ತಪ್ಪು ಮಾಡವ್ನೆ ಅಂತ ನೀವು ತೋರಿಸ್ಬುಟ್ರೆ ಸಾಕು, ಅವನ್ನ ಕಳಿಸೋಕೆ ನಂಗೊಂದು ಕಾರಣ ಸಿಗ್ತದೆ."

ನನಗೆ ಮೈ ಉರಿದುಹೋಯಿತು. ತಪ್ಪಿದ್ದರೆ ಹೇಳುತ್ತೇನೆ, ಯಾರದಿದ್ದರೂ ಹೇಳುತ್ತೇನೆ ಎಂದು ಬಿರುಸಾಗಿಯೇ ಉತ್ತರ ಕೊಟ್ಟೆ. ಅವರು ನಕ್ಕರು.

ಬಂಗಲೆಯ ಆಫೀಸು ರೂಮಿನಲ್ಲಿ ಮೂರು ಕುರ್ಚಿ. ಒಂದರಲ್ಲಿ ಅವರು, ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವರ ಲ್ಯಾಬ್ರಡಾರ್ ನಾಯಿ. ಐವತ್ತು ದಾಟಿದ ಮ್ಯಾನೇಜರ್ ಗೋಡೆ ಹತ್ತಿರ ನಿಂತಿದ್ದರು. ತೋಟದೊಳಗಿನ ಕ್ವಾರ್ಟರ್ಸೇ ಅವರ ಮನೆ. ಕೆಲಸ ಹೋದರೆ ಅದೂ ಹೋಗುತ್ತದೆ. ನಾಯಿಯನ್ನು ಇಳಿಸಿ ಎಂದೆ. "ಅದು ಅದರ ಜಾಗ ಕಣ್ರೀ," ಎಂದರು ಯಜಮಾನರು.

ಶೀಟು ನೋಡಿದರೆ ತಲೆ ಕೆಡುವಂತಿತ್ತು. ಎಡಗಡೆ ಆದಾಯ, ಅದನ್ನು ಬರೆದವರು ಯಜಮಾನರು. ಬಲಗಡೆ ಖರ್ಚು, ಅದು ಮ್ಯಾನೇಜರ್ ಬರೆದದ್ದು. ಒಂದು ಕಡೆ ಲಕ್ಷದ ಲೆಕ್ಕ, ಇನ್ನೊಂದು ಕಡೆ ಪೂರ್ತಿ ರೂಪಾಯಿ, ಯಾವುದು ಯಾವುದೆಂದು ಎಲ್ಲೂ ಬರೆದಿಲ್ಲ; ಕೊನೆಯ ಸೂತ್ರವೇ ಎರಡನ್ನೂ ಸರಿಹೊಂದಿಸಿಕೊಳ್ಳುತ್ತಿತ್ತು. ಯಾಕೋ ಏನೋ, ಅರ್ಧಕ್ಕರ್ಧ ಹಳದಿ ಬಣ್ಣ. ಕೊನೆಯ ಸಾಲಿನಲ್ಲಿ ಮಾತ್ರ ದಪ್ಪಕ್ಷರದಲ್ಲಿ ಒಳ್ಳೆಯ ಲಾಭ.

ಮೊದಲು ಸಿಕ್ಕಿದ್ದು ಮ್ಯಾನೇಜರ್ ತಪ್ಪೇ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವ ಕೂಲಿಯ ಸಾಲಿನಲ್ಲಿ, ಅಂಕಿಯ ಹಿಂದೆ 'ರೂ' ಎಂದು ಟೈಪ್ ಮಾಡಿದ್ದರು. ಅಕ್ಷರ ಸೇರಿದ ಕೂಡಲೇ ಎಕ್ಸೆಲ್‌ಗೆ ಅದು ಅಂಕಿಯಲ್ಲ. ಮೊತ್ತ ಕೂಡುವ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. 'ರೂ' ಅಳಿಸಿದೆ. ಖರ್ಚು ಏರಿತು, ಲಾಭ ಇಳಿಯಿತು.

"ಓದು," ಎಂದರು ಯಜಮಾನರು ಮ್ಯಾನೇಜರ್‌ಗೆ. "ಎಷ್ಟು ಬಿಟ್ಟಿದ್ದೆ ಅಂತ ಗಟ್ಟಿಯಾಗಿ ಓದು."

ಮ್ಯಾನೇಜರ್ ಓದಿದರು. ಕೇಳಿಸಲಿಲ್ಲ ಎಂದು ಯಜಮಾನರು ಮತ್ತೆ ಓದಿಸಿದರು.

ಆಮೇಲೆ ಆದಾಯದ ಕಡೆ ಬಂದೆ. ಕಾಲಂಗಳು ಎಫ್ ಆದಮೇಲೆ ನೇರ ಎಚ್. ನಡುವಿನ ಜಿ ಮುಚ್ಚಿಟ್ಟಿತ್ತು. ತೆರೆದು ನೋಡಿದರೆ ಔಟ್‌ಟರ್ನ್: ಐವತ್ತು ಕೆಜಿಯ ಒಂದು ಮೂಟೆಯಿಂದ ಸಿಪ್ಪೆ ತೆಗೆದಮೇಲೆ ಎಷ್ಟು ಕೆಜಿ ಬೀಜ ಉಳಿಯುತ್ತದೆ ಎಂಬ ಊಹೆ. ಮೂಟೆಗಳ ಸಂಖ್ಯೆಯನ್ನು ಇದರಿಂದ, ಆಮೇಲೆ ಕೆಜಿ ದರದಿಂದ ಗುಣಿಸಿದರೆ ಆದಾಯ. ಅರೇಬಿಕಾ ಪಾರ್ಚ್‌ಮೆಂಟಿಗೆ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿಗೆ, ನಲವತ್ತು ಎಂದಿತ್ತು, ಸರಿ. ಕೆಳಗಿನ ರೊಬಸ್ಟಾ ಚೆರಿಗೂ ನಲವತ್ತೇ! ಹಣ್ಣನ್ನು ಹಾಗೇ ಒಣಗಿಸುವ ಚೆರಿಯಲ್ಲಿ ಅರ್ಧದಷ್ಟು ಸಿಪ್ಪೆಯೇ. ಇಪ್ಪತ್ತಾರು ಸಿಕ್ಕರೆ ಪುಣ್ಯ. ಕಾಂಡ ಕೊರೆಯುವ ಬೋರರ್ ಹುಳಕ್ಕೆ ಅರೇಬಿಕಾ ಗಿಡ ಹೋಗಿ ತೋಟದ ಮುಕ್ಕಾಲು ಭಾಗ ರೊಬಸ್ಟಾ ಆಗಿತ್ತು. ಯಜಮಾನರ ಬೆರಳು ಮಾತ್ರ ಇನ್ನೂ ಅರೇಬಿಕಾ ಕಾಲದಲ್ಲೇ ಇತ್ತು. ಹಳೆಯ ಸಾಲನ್ನೇ ಕಾಪಿ ಮಾಡಿ ಕೆಳಗೆ ಅಂಟಿಸಿದ್ದರು.

"ಇದು ನಿಮ್ಮದು," ಎಂದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. "ಮರಗಸಿ ತಪ್ಪು ಇದರ ಮುಂದೆ ಏನೂ ಅಲ್ಲ."

ನಲವತ್ತು ಅಳಿಸಿ ಇಪ್ಪತ್ತಾರು ಒತ್ತಿದೆ. ಕೊನೆಯ ಸಾಲು ಕೆಂಪಾಯಿತು. ನಾಲ್ಕು ಲಕ್ಷ ಚಿಲ್ಲರೆ ನಷ್ಟ. ಗೋಡೆ ಹತ್ತಿರ ಮ್ಯಾನೇಜರ್ ಮೊದಲ ಸಲ ತಲೆ ಎತ್ತಿದರು.

ಯಜಮಾನರು ಸಿಟ್ಟಾಗಲಿಲ್ಲ. ಕನ್ನಡಕ ಒರೆಸಿಕೊಂಡು ಆ ಕೆಂಪು ಅಂಕಿಯನ್ನು ನೋಡಿದರು.

"ಹಂಗಾದ್ರೆ ತೋಟ ನಷ್ಟದಾಗೈತೆ. ನಷ್ಟದ ತೋಟಕ್ಕೆ ಮ್ಯಾನೇಜರ್ ಯಾಕ್ ಬೇಕು ಮೇಡಂ? ಲೆಕ್ಕ ಬರ್ಯೋ ರೈಟರ್ ಸಾಕಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಲ್ಯಾಪ್‌ಟಾಪನ್ನು ಮ್ಯಾನೇಜರ್ ಕಡೆ ತಿರುಗಿಸಿದ್ದರು. "ಬಾ ಇಲ್ಲಿ. ನಿನ್ ಸಂಬಳದ ಸಾಲು ಎಲ್ಲೈತೆ? ಡಿಲೀಟ್ ಮಾಡು."

"ಇದು ಅನ್ಯಾಯ," ಎಂದೆ. "ತಪ್ಪು ನಿಮ್ಮದು."

"ತಿದ್ದಿದ್ದು ನೀವೇ ಅಲ್ವಾ? ತಿದ್ದಿದ್ಮೇಲೆ ತಾನೇ ನಷ್ಟ ಕಂಡಿದ್ದು."

ಮ್ಯಾನೇಜರ್ ಬಗ್ಗಿ, ಕುರ್ಚಿಯಿಲ್ಲದೆ ನಿಂತುಕೊಂಡೇ ಆ ಸಾಲನ್ನು ಹುಡುಕಿ ಅಳಿಸಿದರು. ಸೂತ್ರಗಳೆಲ್ಲ ಈಗ ಸರಿಯಾಗಿದ್ದವು. ಮೊತ್ತ ತಕ್ಷಣ ಬದಲಾಯಿತು. ಕೆಂಪು ಹೋಗಿ ಕಪ್ಪು ಬಂತು, ಸಣ್ಣದೊಂದು ಲಾಭ.

"ಇನ್ನೊಂದ್ಸಲ ನೋಡ್ಬುಡಿ ಮೇಡಂ. ಎಲ್ಲಾ ಸರಿ ಐತಾ?"

ನೋಡಿದೆ. ಒಂದು ತಪ್ಪಾದರೂ ಸಿಗಲಿ ಎಂದು ಪ್ರತಿಯೊಂದು ಸೆಲ್ ಒತ್ತಿ ನೋಡಿದೆ. ಸಿಗಲಿಲ್ಲ.

"ಸರಿ ಇದೆ," ಎಂದೆ.

ಮ್ಯಾನೇಜರ್ ಕೈ ಇನ್ನೂ ಮೌಸ್ ಮೇಲೇ ಇತ್ತು. ಎಂದಿನ ವಿನಯದಲ್ಲೇ ಕೇಳಿದರು, "ಸೇವ್ ಮಾಡ್ಲಾ ಸಾರ್?"