ಹತ್ತದ ಹೂಕುಂಡ

ಬಕೆಟ್ಟಿನ ನೀರಿನಲ್ಲಿ ಒಂದು ಚೆಂಡುಹೂವಿನ ಎಸಳು ತೇಲುತ್ತಿತ್ತು. ಹಲಸೂರಿನ ನಮ್ಮ ಪಕ್ಕದ ಮನೆಯ ಶಾರದೆ, ನಾನು ಪಾಠ ಹೇಳುವ ತರಗತಿಯವಳೇ, ಆ ಬಕೆಟ್ಟು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ದೊಡ್ಡೋರು ಹತ್ರ ಇರ್ಬೇಕು ಅಂತ ಬರ್ಸಿದ್ರಲ್ಲ ಮಿಸ್. ನಮ್ಮಪ್ಪ ಪಟಾಕಿ ಅಂದ್ರೆ ಕೋಣೆ ಬಿಟ್ಟೇ ಬರಲ್ಲ. ನೀವು ಬರ್ತೀರಾ?"

ದೀಪಾವಳಿ ರಜೆಗೆ ಮುನ್ನ ಬೋರ್ಡಿನ ಮೇಲೆ ಬರೆದು ಮಕ್ಕಳಿಂದಲೂ ಬರೆಸಿದ್ದೆ: ಚೆನ್ನಾಗಿ ನಿದ್ದೆ ಮಾಡಿ, ಹಬ್ಬ ಸುಖವಾಗಿರಲಿ, ನೂಲಿನ ಬಟ್ಟೆ ತೊಡಿ, ದೊಡ್ಡವರೂ ನೀರೂ ಹತ್ತಿರವಿರಲಿ, ಹತ್ತದ ಪಟಾಕಿಯ ಮೇಲೆ ಬಗ್ಗದೆ ನೀರು ಸುರಿಯಿರಿ.

ಅವಳ ಬಳಿ ಇದ್ದ ಪಟಾಕಿ ಒಂದೇ ಹೂಕುಂಡ. ಉದ್ದನೆಯ ಊದುಬತ್ತಿಯಿಂದ ಕೈಚಾಚಿ ಹಚ್ಚಿ ದೂರ ಸರಿದಳು. ಅದು ಹತ್ತಲಿಲ್ಲ. ಏನಾಯಿತೆಂದು ನೋಡಲು ನಾನು ರೇಷ್ಮೆ ಸೀರೆಯಲ್ಲೇ ಬಗ್ಗಿದೆ. ಅವಳು ಸುರಿದ ಬಕೆಟ್ಟಿನ ನೀರೆಲ್ಲ ಹೂಕುಂಡದ ಮೇಲೂ ನನ್ನ ಮೇಲೂ ಬಿತ್ತು.

"ನೀವೇ ಬರ್ಸಿದ್ದು ಮಿಸ್," ಎಂದಳು, ಅಳು ತಡೆದುಕೊಂಡು.

ಮರುದಿನ ಬೆಳಿಗ್ಗೆ ನೂಲಿನ ಸೀರೆ ಉಟ್ಟು, ಹೊಸ ಹೂಕುಂಡದೊಂದಿಗೆ ಅವರ ಮನೆಗೆ ಹೋಗಿ, ಅವಳು ತೋರಿಸಿದ ಜಾಗದಲ್ಲೇ ನಿಂತೆ.