ಅಪ್‌ಡೇಟ್ ಆದ ಲಿಂಕು

ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಯಾವ ಸಮಾರಂಭವಾದರೂ ನಿರೂಪಣೆ ನನ್ನದೇ. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ನಾನೇ ಅಂದುಕೊಂಡುಬಿಟ್ಟಿದ್ದೆ. ಹೀಗಾಗಿ, ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ಟರು ತಮ್ಮ ಬೀಳ್ಕೊಡುಗೆಗೆ ವಿಜ್ಞಾನದ ಟೀಚರೇ ನಿರೂಪಣೆ ಮಾಡಲಿ ಎಂದಾಗ ನನಗೆ ಹೊಟ್ಟೆ ಉರಿಯಿತು. ಅದನ್ನು ಹೊಟ್ಟೆಯುರಿ ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಆಗ ಅದಕ್ಕೆ ಭಾಷಾಭಿಮಾನ ಎಂದು ಹೆಸರಿಟ್ಟಿದ್ದೆ.

ವಿಜ್ಞಾನದ ಟೀಚರು ನನಗಿಂತ ಹತ್ತು ವರ್ಷ ಚಿಕ್ಕವಳು. ಹಲಗೂರಿನ ಕಡೆಯ ಹುಡುಗಿ, ಮಳವಳ್ಳಿಯಲ್ಲಿ ರೂಮು ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಅವಳು ಹೈಸ್ಕೂಲಿನಲ್ಲಿದ್ದಾಗ ಲೆಕ್ಕ ಹೇಳಿಕೊಟ್ಟವರು ಇದೇ ಹೆಡ್‌ಮಾಸ್ಟರು. ಮೈಕಿನ ಮುಂದೆ ಅವಳು ಒಮ್ಮೆಯೂ ನಿಂತವಳಲ್ಲ. ಸುದ್ದಿ ಕೇಳಿದ ಕೂಡಲೇ ನೇರ ನನ್ನ ಹತ್ತಿರ ಬಂದಳು.

“ಅಕ್ಕ, ಏನ್ ಮಾತಾಡ್ಬೇಕು ಅಂತ ನೀವೇ ಬರ್ದು ಕೊಟ್ಬುಡಿ. ನಮ್ ಸಾರ್ ಮುಂದೆ ನಾನು ತಪ್ ಮಾಡ್ಬಾರ್ದು ಕಣಕ್ಕ.”

ಆಗಲಿ ಎಂದೆ. ಫೋನಿನಲ್ಲಿ ಎಐ ಆಪ್ ತೆರೆದು, ಪ್ರಾರ್ಥನೆಯಿಂದ ವಂದನಾರ್ಪಣೆಯವರೆಗೆ ಒಂದು ನಿರೂಪಣೆ ಬರೆಸಿ, ನಾನೂ ತಿದ್ದಿ, ಆ ಸಂಭಾಷಣೆಯ ಲಿಂಕನ್ನು ಶೇರ್ ಮಾಡಿ ಅವಳಿಗೆ ಕಳಿಸಿದೆ. ಕೈಮುಗಿಯುವ ಚಿತ್ರ ಮೂರು ಸಲ ಬಂತು.

ಮಾರನೆಯ ದಿನ ಬಿಡುವಿನ ಪೀರಿಯಡ್ಡಿನಲ್ಲಿ ಅವಳು ಅದನ್ನು ಓದಿ ಅಭ್ಯಾಸ ಮಾಡುತ್ತಿದ್ದಳು. “ಎಲ್ಲರಿಗೂ ಆರ್ದಿಕ ಸ್ವಾಗತ” ಎಂದಳು. ಅವಳ ನಾಲಿಗೆಗೆ ಹಕಾರ ಬರುವುದಿಲ್ಲ. ನಮ್ಮ ಕಡೆ ಎಷ್ಟು ಮಂದಿಗೆ ಬರುತ್ತದೆ? ನನ್ನ ಅಮ್ಮನ ಮುಂದೆ ನಾನೂ “ಓಯ್ತೀನಿ”, “ಅಳ್ಳಿ” ಎಂದೇ ಮಾತಾಡುವವಳು. ಆದರೂ ಅವತ್ತು ನಾನು ಫೋನ್ ತೆಗೆದು ಅದೇ ಸಂಭಾಷಣೆಯಲ್ಲಿ, ಆ ನಿರೂಪಣೆಯ ಕೆಳಗೇ, ಹೀಗೆ ಬರೆದೆ: “ಈಕೆಗೆ ಹಕಾರ ಬರುವುದಿಲ್ಲ. ಹಾರ್ದಿಕ ಅನ್ನುವುದನ್ನು ಆರ್ದಿಕ ಅನ್ನುತ್ತಾಳೆ. ಇವಳ ಬಾಯಲ್ಲಿ ಕನ್ನಡ ಕೇಳುವುದೇ ಹಿಂಸೆ. ಶಾಲೆ ನಗೆಪಾಟಲಾಗುತ್ತದೆ. ನಿರೂಪಣೆಯನ್ನು ನನಗೇ ವಹಿಸಿ ಎಂದು ಹೆಡ್‌ಮಾಸ್ಟರಿಗೆ ಮರ್ಯಾದೆಯಾಗಿ ಒಂದು ಮೆಸೇಜ್ ಬರೆದುಕೊಡು.” ಅದು ಬಹಳ ಮರ್ಯಾದೆಯಾಗಿಯೇ ಬರೆದುಕೊಟ್ಟಿತು. ಕಳಿಸಲು ಧೈರ್ಯ ಬರಲಿಲ್ಲ.

ಬರೆದಾದ ಮೇಲೆ ನೆನಪಾಯಿತು. ಲಿಂಕು ಅವಳ ಹತ್ತಿರ ಇದೆಯಲ್ಲ, ಇದೂ ಕಾಣುತ್ತದೆಯೇ? ಕಂಪ್ಯೂಟರ್ ಕೊಠಡಿಗೆ ಹೋಗಿ, ನನ್ನ ಲಾಗಿನ್ ಇಲ್ಲದ ಕಂಪ್ಯೂಟರಿನಲ್ಲಿ ಆ ಲಿಂಕನ್ನು ತೆರೆದೆ. ಪಾಸ್‌ವರ್ಡು ಕೇಳಲಿಲ್ಲ, ಯಾರೆಂದೂ ಕೇಳಲಿಲ್ಲ. ಅಂದರೆ ಲಿಂಕು ಕೈಗೆ ಸಿಕ್ಕ ಯಾರು ಬೇಕಾದರೂ ಓದಬಹುದು. ಆದರೆ ಪುಟ ವಂದನಾರ್ಪಣೆಗೇ ಮುಗಿದಿತ್ತು. ಶೇರ್ ಮಾಡಿದ ಗಳಿಗೆಯವರೆಗಿನ ನಕಲು ಮಾತ್ರ ಅಲ್ಲಿತ್ತು, ನಂತರ ಬರೆದದ್ದು ಬಂದಿರಲಿಲ್ಲ. ಬದುಕಿದೆಯಾ ಬಡಜೀವ ಎಂದುಕೊಂಡು ಆಚೆ ಬಂದೆ. ಬರೆದದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಿಕ್ಕಿಬೀಳಲಿಲ್ಲವಲ್ಲ ಎಂಬ ಸಮಾಧಾನವೇ ಹೆಚ್ಚಾಗಿತ್ತು.

ಸಮಾರಂಭಕ್ಕೆ ಎರಡು ದಿನವಿರುವಾಗ ಅತಿಥಿಗಳ ಕ್ರಮ ಬದಲಾಯಿತು. ನಾನು ಅದೇ ಸಂಭಾಷಣೆಯಲ್ಲಿ ತಿದ್ದಿಸಿ, ಸರಿಪಡಿಸಿದ್ದೇನೆ ನೋಡಿಕೋ ಎಂದು ಅವಳಿಗೆ ಹೇಳಿದೆ. ಸಂಜೆ ಫೋನ್ ಮಾಡಿದಳು.

“ಅಕ್ಕ, ಆ ಲಿಂಕಲ್ಲಿ ಇನ್ನೂ ಅಳೇದೇ ಅದೆ ಕಣಕ್ಕ. ಮಳವಳ್ಳಿ ಝೆರಾಕ್ಸ್ ಅಂಗ್ಡೀಲಿ ಪ್ರಿಂಟ್ ತೆಗ್ಸವಾ ಅಂತ ಬಂದಿವ್ನಿ.”

ಹಳೆಯದೇ ಇರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಒಂದು ನಿಮಿಷ ಇರು ಎಂದು ಮತ್ತೆ ಶೇರ್ ಒತ್ತಿದೆ. ಲಿಂಕನ್ನು ಅಪ್‌ಡೇಟ್ ಮಾಡಲೇ ಎಂದು ಆಪ್ ಕೇಳಿತು. ಮಾಡು ಎಂದೆ. ಲಿಂಕಿನ ವಿಳಾಸ ಬದಲಾಗಲಿಲ್ಲ. ಈಗ ನೋಡು, ಬಂದಿರುತ್ತದೆ ಎಂದು ಫೋನಿಟ್ಟು ಸಾರಿಗೆ ಒಗ್ಗರಣೆ ಹಾಕಲು ಹೋದೆ. ನಂತರದ್ದು ಕಾಣುವುದಿಲ್ಲ ಎಂಬ ಒಂದೇ ಪಾಠ ನನ್ನ ತಲೆಯಲ್ಲಿ ಕೂತಿತ್ತು. ಅಪ್‌ಡೇಟ್ ಒತ್ತಿದೊಡನೆ ಆ ‘ನಂತರ’ವೇ ಮುಂದಕ್ಕೆ ಸರಿಯಿತೆಂದು, ನಡುವೆ ಬರೆದದ್ದೆಲ್ಲ ಈಗ ಲಿಂಕಿನೊಳಗೆ ಸೇರಿತೆಂದು ವ್ಯಾಕರಣ ಪಾಠ ಮಾಡುವ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಅವಳು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ, “ನಂಗೆ ಗಂಟ್ಲು ಕಟ್ಬುಟ್ಟದೆ. ನಿರೂಪಣೆ ಅಕ್ಕನೇ ಮಾಡ್ಲಿ” ಎಂದಳು. ಗಂಟಲು ಚೆನ್ನಾಗಿಯೇ ಇತ್ತು. ಎಲ್ಲರೂ ತರಗತಿಗೆ ಹೋದ ಮೇಲೆ ಬ್ಯಾಗಿನಿಂದ ಮಡಿಸಿದ ಹಾಳೆಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಝೆರಾಕ್ಸ್ ಅಂಗಡಿಯವರಿಗೆ ಅವಳು ಕಳಿಸಿದ್ದು ಅದೇ ಲಿಂಕು. ಅವರು ಇಡೀ ಪುಟವನ್ನು ಪ್ರಿಂಟ್ ತೆಗೆದಿದ್ದರು. ಮೂರನೆಯ ಹಾಳೆಯಲ್ಲಿ, ಅತಿಥಿಗಳ ಹೊಸ ಕ್ರಮಕ್ಕಿಂತ ಮೊದಲೇ, ನನ್ನ ಮಾತು ಅಚ್ಚಾಗಿ ಕೂತಿತ್ತು.

“ಅಂಗಡಿ ಸಾಬ್ರು ಓದ್ಬುಟ್ಟು, ‘ಇದೂ ಬೇಕಾ ಮೇಡಂ, ತೆಗ್ದುಬುಡ್ಲಾ’ ಅಂದ್ರು. ಅವರ್ ಮುಂದ್ಲೇ ನಾನೂ ಓದ್ದೆ.”

ಕ್ಷಮಿಸು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಅದು ನಿಂಗೆ ಕಾಣಬಾರದಾಗಿತ್ತು ಕಣೆ. ನಾನು ಚೆಕ್ ಮಾಡಿದ್ದೆ.”

ಅವಳು ನನ್ನನ್ನೇ ನೋಡಿದಳು. “ಕಾಣ್ದೆ ಇದ್ದಿದ್ರೆ ಸರೀಗಿರ್ತಿತ್ತಾ ಅಕ್ಕ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಾಠಕ್ಕೆ ಹೊರಟಳು.

ಆ ಲಿಂಕನ್ನು ಅಲ್ಲೇ ಕೂತು ಡಿಲೀಟ್ ಮಾಡಿದೆ. ಮತ್ತೆ ಕಂಪ್ಯೂಟರ್ ಕೊಠಡಿಗೆ ಹೋಗಿ ತೆರೆದರೆ ಪುಟ ಸಿಗಲಿಲ್ಲ. ಏನು ಪ್ರಯೋಜನ, ಅಚ್ಚಾದ ಹಾಳೆ ನನ್ನ ಕೈಯಲ್ಲೇ ಇತ್ತು. ಮಧ್ಯಾಹ್ನ ಅವಳನ್ನು ಹುಡುಕಿಕೊಂಡು ಹೋಗಿ, ನಾನು ಬರೆದದ್ದು ಹೊಟ್ಟೆಯುರಿಯಿಂದ, ತಪ್ಪಾಯಿತು, ನಿರೂಪಣೆ ನೀನೇ ಮಾಡು ಎಂದು ಕೇಳಿಕೊಂಡೆ. “ಬುಡಿ ಅಕ್ಕ” ಎಂದಳು. ನನ್ನನ್ನು ಅಕ್ಕ ಎಂದದ್ದು ಅದೇ ಕೊನೆ.

ಸಮಾರಂಭ ಚೆನ್ನಾಗಿ ನಡೆಯಿತು. ಎಲ್ಲರಿಗೂ ಹಾರ್ದಿಕ ಸ್ವಾಗತ ಎಂದು ನಾನೇ ಹೇಳಿದೆ. ಗುರುಗಳ ಬಗ್ಗೆ ಎರಡು ಮಾತಾಡಲು ಅವಳನ್ನು ವೇದಿಕೆಗೆ ಕರೆದೆ. ಬಂದಳು, ಮೈಕಿನ ಹತ್ತಿರ ಸುಳಿಯದೆ ಅವರ ಕಾಲಿಗೆ ನಮಸ್ಕರಿಸಿ ಇಳಿದುಹೋದಳು. ಹೆಡ್‌ಮಾಸ್ಟರು ಅವಳು ಹೋದ ದಿಕ್ಕನ್ನೇ ನೋಡುತ್ತಾ ಕೂತಿದ್ದರು.

ಈಗಲೂ ಒಂದೇ ಸ್ಟಾಫ್ ರೂಮಿನಲ್ಲಿ ಕೂರುತ್ತೇವೆ. ಅವಳು ಮಾತು ಬಿಟ್ಟಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಆದರೆ ಏನೋ ತಡೆದು ತಡೆದು ಮಾತಾಡುತ್ತಾಳೆ, ಯಾಕೆಂದು ನನಗೆ ತಿಳಿದಿರಲಿಲ್ಲ. ಮೊನ್ನೆ ಶನಿವಾರ ವರಾಂಡದಲ್ಲಿ ಅಡುಗೆಯಮ್ಮನ ಜೊತೆ ನಗುತ್ತಾ, “ಅಬ್ಬಕ್ಕೆ ಓಳ್ಗೆ ಮಾಡ್ತೀವಿ, ಊವು ತರ್ಬೇಕು, ನಾಳೀಕೆ ಅಳ್ಳಿಗೆ ಓಯ್ತೀನಿ” ಎಂದು ಧಾರಾಳವಾಗಿ ಹೇಳುತ್ತಿದ್ದಳು. ನಾನು ಹೊಸ್ತಿಲು ದಾಟಿದೆ. ಅವಳು ಸುಮ್ಮನಾದಳು.

“ಹಬ್ಬಕ್ಕೆ ಊರಿಗೆ ಹೋಗ್ತಿದ್ದೀಯಾ?” ಎಂದೆ.

ಅವಳ ತುಟಿ ತೆರೆದು ಮತ್ತೆ ಮುಚ್ಚಿತು. ಹಕಾರವಿಲ್ಲದ ಮಾತನ್ನು ಹುಡುಕಲು ಅವಳಿಗೆ ಅಷ್ಟು ಹೊತ್ತು ಬೇಕಾಯಿತು.

“ಮಂಡೇ ಲೀವು, ಮೇಡಂ” ಎಂದಳು.